ಲೀನಿಯರ್ ಫೇಸ್ ಫಿಲ್ಟರ್‌ಗಳ ನಾಲ್ಕು ಬಗೆ: ಸಮಮಿತಿಯೇ ಹೇರುವ ಶೂನ್ಯಗಳ ಹಿನ್ನೆಲೆ

ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದ ಥಾಮಸ್ ಪಾರ್ಕ್ಸ್ ಮತ್ತು ಅವರ ವಿದ್ಯಾರ್ಥಿ ಜೇಮ್ಸ್ ಮೆಕ್ಲೆಲನ್ 1972ರಲ್ಲಿ, ಸಂಕೇತದ ಸ್ಯಾಂಪಲ್‌ಗಳನ್ನು ನಿಗದಿತ ಗುಣಾಂಕಗಳಿಂದ ಗುಣಿಸಿ ಕೂಡುವ ಎಫ್‌ಐಆರ್ ಫಿಲ್ಟರ್‌ಗಳ ವಿನ್ಯಾಸಕ್ಕೆ ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಬಿಡಬೇಕಾದ ಆವರ್ತನಗಳ ಪಾಸ್‌ಬ್ಯಾಂಡ್ ಮತ್ತು ತಡೆಯಬೇಕಾದ ಆವರ್ತನಗಳ ಸ್ಟಾಪ್‌ಬ್ಯಾಂಡ್‌ಗಳ ಅಂಚುಗಳನ್ನು ಮೊದಲೇ ನಿಗದಿಪಡಿಸಿ, ಅವುಗಳೊಳಗಿನ ಗರಿಷ್ಠ ದೋಷವನ್ನು ಸಾಧ್ಯವಿದ್ದಷ್ಟು ತಗ್ಗಿಸುವ ಆ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆದರೆ ಆ ಮೊದಲ ಪ್ರಬಂಧ ಒಂದೇ ಬಗೆಯ ಫಿಲ್ಟರನ್ನು ಕೈಗೆತ್ತಿಕೊಂಡಿತ್ತು: ಗುಣಾಂಕಗಳ ಸಂಖ್ಯೆ ಬೆಸವಾಗಿದ್ದು, ನಡುವಿನ ಗುಣಾಂಕದ ಎರಡೂ ಬದಿಯ ಮೌಲ್ಯಗಳು ಸಮವಾಗಿರುವ ಫಿಲ್ಟರ್. ಉಳಿದ ಮೂರು ಬಗೆಗಳು ಅದೇ ಚೌಕಟ್ಟಿನೊಳಗೆ ಬರಲು 1973ರವರೆಗೆ ಕಾಯಬೇಕಾಯಿತು. ಈ ಅಂತರಕ್ಕೆ ಕಾರಣ ಆ ಮೂರೂ ಬಗೆಗಳಲ್ಲಿ ಅಡಗಿರುವ, ವಿನ್ಯಾಸಕಾರ ಬೇಡವೆಂದರೂ ಬಿಡದ ಶೂನ್ಯಗಳು, ಅಂದರೆ ಫಿಲ್ಟರ್‌ನ ಉತ್ತರ ಸೊನ್ನೆಯಾಗುವ ಆವರ್ತನಗಳು.

ಎಲ್ಲ ಆವರ್ತನಗಳನ್ನೂ ಒಂದೇ ಕಾಲದಷ್ಟು ವಿಳಂಬಿಸಬೇಕಾದರೆ, ಅಂದರೆ ಫೇಸ್ ಆವರ್ತನಕ್ಕೆ ಅನುಗುಣವಾಗಿ ನೇರ ಗೆರೆಯಲ್ಲಿ ಬದಲಾಗಬೇಕಾದರೆ, ಗುಣಾಂಕಗಳ ಸಾಲು ನಡುಬಿಂದುವಿನ ಸುತ್ತ ಸಮಮಿತವಾಗಿರಬೇಕು ಅಥವಾ ಎರಡು ಬದಿಗಳ ಮೌಲ್ಯಗಳು ವಿರುದ್ಧ ಚಿಹ್ನೆ ಹೊಂದಿರಬೇಕು. ಸಾಲಿನ ಉದ್ದ ಬೆಸವೋ ಸಮವೋ ಎಂಬುದನ್ನೂ ಸೇರಿಸಿಕೊಂಡರೆ ನಾಲ್ಕು ಬಗೆಗಳಾಗುತ್ತವೆ. ಇವುಗಳ ಗುಣವನ್ನು ತಿಳಿಯಲು ಎರಡೇ ಸಂಕೇತಗಳನ್ನು ಹಾಯಿಸಿ ನೋಡಿದರೆ ಸಾಕು. ಒಂದು, ಎಂದೂ ಬದಲಾಗದ 1, 1, 1, 1 ಎಂಬ ಸಾಲು. ಇದು ಶೂನ್ಯ ಆವರ್ತನ. ಇನ್ನೊಂದು, ಪ್ರತಿ ಸ್ಯಾಂಪಲ್‌ಗೂ ಚಿಹ್ನೆ ಬದಲಿಸುವ 1, −1, 1, −1 ಎಂಬ ಸಾಲು. ಇದು ಸ್ಯಾಂಪ್ಲಿಂಗ್ ದರದ ಅರ್ಧದಷ್ಟಿರುವ ನೈಕ್ವಿಸ್ಟ್ ಆವರ್ತನ.

ಸಮಮಿತವಾದ ನಾಲ್ಕು ಗುಣಾಂಕಗಳನ್ನು a, b, b, a ಎಂದಿಟ್ಟುಕೊಳ್ಳೋಣ. ಚಿಹ್ನೆ ಬದಲಿಸುವ ಸಂಕೇತಕ್ಕೆ ಇದರ ಉತ್ತರ a − b + b − a, ಅಂದರೆ ಸೊನ್ನೆ. a ಮತ್ತು b ಏನೇ ಆಗಿರಲಿ, ಉದ್ದ ನಾಲ್ಕರ ಬದಲು ನಾಲ್ಕು ನೂರೇ ಇರಲಿ, ಜೋಡಿಯ ಒಂದು ಗುಣಾಂಕಕ್ಕೆ ಕೂಡುವ ಚಿಹ್ನೆ ಬಂದರೆ ಇನ್ನೊಂದಕ್ಕೆ ಕಳೆಯುವ ಚಿಹ್ನೆಯೇ ಬರುವುದರಿಂದ ಫಲಿತಾಂಶ ಬದಲಾಗದು. ಇದು ಎರಡನೆಯ ಬಗೆ. ಐದು ಗುಣಾಂಕಗಳ a, b, c, b, a ಎಂಬ ಮೊದಲನೆಯ ಬಗೆಯಲ್ಲಿ ಅದೇ ಲೆಕ್ಕ 2a − 2b + c ಆಗುತ್ತದೆ. ಅದು ಸೊನ್ನೆಯಾಗಲೇಬೇಕೆಂಬ ಒತ್ತಾಯವಿಲ್ಲ. ಪ್ರತಿಸಮಮಿತವಾದ a, b, 0, −b, −a ಎಂಬ ಮೂರನೆಯ ಬಗೆಯಲ್ಲಿ ಎರಡೂ ಸಂಕೇತಗಳಿಗೆ ಉತ್ತರ ಸೊನ್ನೆ. ನಾಲ್ಕನೆಯ ಬಗೆಯಾದ a, b, −b, −a ಸ್ಥಿರ ಸಂಕೇತವನ್ನು ಮಾತ್ರ ಅಳಿಸಿಹಾಕುತ್ತದೆ. ಚಿಹ್ನೆ ಬದಲಿಸುವ ಸಂಕೇತಕ್ಕೆ 2a − 2b ಉಳಿಯುತ್ತದೆ.

1972ರ ವಿಧಾನಕ್ಕೆ ಇದು ತೊಡಕಾದದ್ದು ಹೀಗೆ. ಮೊದಲನೆಯ ಬಗೆಯ ಆವರ್ತನ ಪ್ರತಿಕ್ರಿಯೆ ಕೊಸೈನ್‌ಗಳ ಸರಳ ಮೊತ್ತ. ಅಂಥ ಮೊತ್ತಗಳಿಗೆ ಗಣಿತಜ್ಞ ರೆಮೆಜ್ 1934ರಲ್ಲಿ ರೂಪಿಸಿದ್ದ ಗಣನಾಕ್ರಮ ಹಾಗೆಯೇ ಅನ್ವಯಿಸುತ್ತದೆ. ಒಂದು ಆವರ್ತನದಲ್ಲಿ ಕಡ್ಡಾಯವಾಗಿ ಸೊನ್ನೆಯಾಗುವ ಪ್ರತಿಕ್ರಿಯೆಗೆ ಆ ಗಣನಾಕ್ರಮದ ಮೂಲ ಷರತ್ತು ಅಲ್ಲಿ ಮುರಿದುಬೀಳುತ್ತದೆ. ಮೆಕ್ಲೆಲನ್ ಮತ್ತು ಪಾರ್ಕ್ಸ್ 1973ರ ಪ್ರಬಂಧದಲ್ಲಿ ಕಂಡುಕೊಂಡ ಪರಿಹಾರ ನನ್ನ ದೃಷ್ಟಿಯಲ್ಲಿ ಮೂಲ ವಿಧಾನಕ್ಕಿಂತಲೂ ಚೆಲುವಾದದ್ದು. ಕಡ್ಡಾಯ ಶೂನ್ಯವನ್ನು ಅವರು ಒಂದು ಅಪವರ್ತನವಾಗಿ ಹೊರತೆಗೆದರು: ನೈಕ್ವಿಸ್ಟ್‌ನಲ್ಲಿ π ಆಗುವಂತೆ ಅಳೆದ ಆವರ್ತನವನ್ನು ω ಎಂದುಕೊಂಡರೆ, ಎರಡನೆಯ ಬಗೆಗೆ cos(ω/2), ಮೂರನೆಯದಕ್ಕೆ sin ω, ನಾಲ್ಕನೆಯದಕ್ಕೆ sin(ω/2). ಹೀಗೆ ತೆಗೆದ ಮೇಲೆ ಉಳಿಯುವುದು ಮತ್ತೆ ಕೊಸೈನ್‌ಗಳ ಮೊತ್ತವೇ. ಬಯಸಿದ ಪ್ರತಿಕ್ರಿಯೆಯನ್ನು ಆ ಅಪವರ್ತನದಿಂದ ಭಾಗಿಸಿ, ದೋಷದ ತೂಕವನ್ನು ಅದರಿಂದಲೇ ಗುಣಿಸಿದರೆ ಹಳೆಯ ಗಣನಾಕ್ರಮಕ್ಕೆ ಬಗೆಯ ವ್ಯತ್ಯಾಸವೇ ತಿಳಿಯುವುದಿಲ್ಲ.

ಬೆಲ್ ಲ್ಯಾಬ್ಸ್‌ನ ಲಾರೆನ್ಸ್ ರಾಬಿನರ್ ಅವರೂ ಸೇರಿ ಅದೇ ವರ್ಷ ಪ್ರಕಟಿಸಿದ ಫೋರ್ಟ್ರಾನ್ ಪ್ರೋಗ್ರಾಂನಲ್ಲಿ ಈ ಹಂಚಿಕೆ ಕಣ್ಣಿಗೆ ಕಾಣುತ್ತದೆ. ಗುಣಾಂಕಗಳು ಪ್ರತಿಸಮಮಿತವೇ ಎಂಬುದನ್ನು `NEG`, ಉದ್ದ ಬೆಸವೇ ಎಂಬುದನ್ನು `NODD` ಎಂಬ ಚರಗಳು ಹೇಳುತ್ತವೆ. ಹೌದಾದರೆ 1, ಇಲ್ಲವಾದರೆ 0 ಆಗುವ ಇವೆರಡರ ಮೌಲ್ಯ ಒಂದೇ ಆಗಿದ್ದರೆ ಅದು ಎರಡನೆಯ ಅಥವಾ ಮೂರನೆಯ ಬಗೆ, ಅಂದರೆ ನೈಕ್ವಿಸ್ಟ್‌ನಲ್ಲಿ ಶೂನ್ಯ ಇರಲೇಬೇಕು. ಆಗ ಪ್ರೋಗ್ರಾಂ ಆವರ್ತನಗಳ ಪಟ್ಟಿಯ ಆ ತುದಿಯ ಬಿಂದುವನ್ನು ಕೈಬಿಡುತ್ತದೆ, ಇಲ್ಲದಿದ್ದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. `NEG` 1 ಇದ್ದರೆ ಸೊನ್ನೆಯ ಕಡೆಯ ಮೊದಲ ಬಿಂದುವನ್ನು ಸ್ವಲ್ಪ ಒಳಗೆ ಸರಿಸುತ್ತದೆ.

ಆದರೆ ಬಿಂದುವನ್ನು ಪಟ್ಟಿಯಿಂದ ತೆಗೆದ ಮಾತ್ರಕ್ಕೆ ಶೂನ್ಯ ಹೋಗುವುದಿಲ್ಲ. 48,000 ಹರ್ಟ್ಸ್ ದರದ ಧ್ವನಿಗೆ 10,000 ಹರ್ಟ್ಸ್‌ಗಿಂತ ಮೇಲಿನದನ್ನು ಬಿಡುವ ಹೈಪಾಸ್ ಫಿಲ್ಟರ್ ಬೇಕೆಂದು 32 ಸಮಮಿತ ಗುಣಾಂಕಗಳನ್ನು ಕೇಳಿದರೆ, 24,000 ಹರ್ಟ್ಸ್‌ನಲ್ಲಿ ಬೇಕಾದದ್ದು ಒಂದು, ಸಿಗುವುದು ಸೊನ್ನೆ. ಗರಿಷ್ಠ ದೋಷವನ್ನು ಸಮನಾಗಿ ಹಂಚುವುದೇ ಈ ವಿಧಾನದ ಕೆಲಸವಾದ್ದರಿಂದ, ತುದಿಯ ಈ ಅಸಾಧ್ಯ ಬೇಡಿಕೆ ಬ್ಯಾಂಡ್‌ಗಳ ಉದ್ದಕ್ಕೂ ಏರಿಳಿತವಾಗಿ ಹರಡುತ್ತದೆ. ಕೈಗೆ ಬಂದ ಗುಣಾಂಕಗಳನ್ನು ಒಂದು ಬಿಟ್ಟು ಒಂದಕ್ಕೆ ಚಿಹ್ನೆ ಬದಲಿಸಿ ಕೂಡಿದರೆ ರೋಗ ಎಲ್ಲಿದೆಯೆಂದು ತಿಳಿಯುತ್ತದೆ. ಮೊತ್ತ ಸೊನ್ನೆ ಬಂದರೆ ಬೇಕಾದದ್ದು ತೂಕಗಳ ಹೊಂದಾಣಿಕೆಯಲ್ಲ, 33ನೆಯ ಗುಣಾಂಕ.

ಸಂಕೇತ ಬದಲಾಗುವ ವೇಗವನ್ನು ಕೊಡುವ ಡಿಫರೆನ್ಷಿಯೇಟರ್‌ಗೆ ಬಂದಾಗ ಆಯ್ಕೆ ತಿರುಗುಮುರುಗಾಗುತ್ತದೆ. ಆದರ್ಶ ಡಿಫರೆನ್ಷಿಯೇಟರ್‌ನ ಪ್ರತಿಕ್ರಿಯೆಯ ಅಳತೆ ω. ಸೊನ್ನೆಯಲ್ಲಿ ಸೊನ್ನೆ, ನೈಕ್ವಿಸ್ಟ್‌ನಲ್ಲಿ 3.14. ಮೂರನೆಯ ಬಗೆಯ ಅತಿ ಚಿಕ್ಕ ಉದಾಹರಣೆ ಹಿಂದುಮುಂದಿನ ಸ್ಯಾಂಪಲ್‌ಗಳ ವ್ಯತ್ಯಾಸದ ಅರ್ಧ, ಅದರ ಅಳತೆ sin ω. ನಾಲ್ಕನೆಯದರ ಅತಿ ಚಿಕ್ಕ ಉದಾಹರಣೆ ಪಕ್ಕಪಕ್ಕದ ಸ್ಯಾಂಪಲ್‌ಗಳ ವ್ಯತ್ಯಾಸ, ಅದರ ಅಳತೆ 2 sin(ω/2). ನೈಕ್ವಿಸ್ಟ್‌ನ ಅರ್ಧದಲ್ಲಿ ಬೇಕಾದದ್ದು 1.57, ಮೂರನೆಯ ಬಗೆಯದು 1 ಕೊಡುತ್ತದೆ, ನಾಲ್ಕನೆಯದು 1.41. ನೈಕ್ವಿಸ್ಟ್‌ನಲ್ಲಂತೂ ಮೂರನೆಯದು ಸೊನ್ನೆಗೆ ಕುಸಿದರೆ ನಾಲ್ಕನೆಯದು 2ರಲ್ಲಿ ನಿಲ್ಲುತ್ತದೆ. ಪೂರ್ಣ ಬ್ಯಾಂಡ್‌ನ ಡಿಫರೆನ್ಷಿಯೇಟರ್‌ಗೆ ಸಮ ಉದ್ದವೇ ಬಹುಪಾಲು ಮೇಲೆಂಬುದನ್ನು ರಾಬಿನರ್ ಮತ್ತು ರೊನಾಲ್ಡ್ ಶೇಫರ್ 1974ರಲ್ಲಿ ವಿವರವಾಗಿ ತೋರಿಸಿದರು.

ಇದಕ್ಕೆ ತೆರಬೇಕಾದ ಬೆಲೆ ಅರ್ಧ ಸ್ಯಾಂಪಲ್‌ನ ವಿಳಂಬ. ಸಮ ಉದ್ದದ ಸಾಲಿನ ನಡುಬಿಂದು ಎರಡು ಸ್ಯಾಂಪಲ್‌ಗಳ ನಡುವೆ ಬೀಳುವುದರಿಂದ ಫಲಿತಾಂಶವನ್ನು ಮೂಲ ಸಂಕೇತದ ಪಕ್ಕದಲ್ಲಿ ನೇರವಾಗಿ ಇಡಲಾಗದು. ಸಂಕೇತವನ್ನೂ ಅದರ 90 ಡಿಗ್ರಿ ತಿರುಗಿದ ರೂಪವನ್ನೂ ಜೊತೆಯಾಗಿ ಬಳಸುವ ಹಿಲ್ಬರ್ಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಇದು ದೊಡ್ಡ ತೊಂದರೆ. ಹೀಗಾಗಿ ಸಂಕೇತದ ಬಲ ಮಧ್ಯದ ಆವರ್ತನಗಳಲ್ಲೇ ಇರುವಾಗ ಎರಡು ಶೂನ್ಯಗಳ ಮೂರನೆಯ ಬಗೆಯನ್ನೇ ಆರಿಸುವುದು ವಾಡಿಕೆ. ಬ್ಯಾಂಡ್ ಎರಡೂ ತುದಿಗಳಿಂದ ಸಮದೂರದಲ್ಲಿದ್ದರೆ ಒಂದು ಬಿಟ್ಟು ಒಂದು ಗುಣಾಂಕ ಸೊನ್ನೆಯಾಗಿ, ಗುಣಾಕಾರಗಳೂ ಸುಮಾರು ಅರ್ಧಕ್ಕೆ ಇಳಿಯುತ್ತವೆ.

ಇಂದಿನ ಸಾಫ್ಟ್‌ವೇರ್‌ಗಳು ಈ ನಿರ್ಬಂಧವನ್ನು ಒಂದೇ ರೀತಿ ನಿಭಾಯಿಸುವುದಿಲ್ಲ. ಪೈಥಾನ್‌ನ ಸೈಪೈ ಲೈಬ್ರರಿಯ `firwin` ಸಮ ಸಂಖ್ಯೆಯ ಗುಣಾಂಕಗಳ ಹೈಪಾಸ್ ಕೇಳಿದರೆ ದೋಷಸಂದೇಶ ಕೊಟ್ಟು ನಿಲ್ಲುತ್ತದೆ. ಮ್ಯಾಟ್‌ಲ್ಯಾಬ್‌ನ `fir1` ತಾನಾಗಿಯೇ ಒಂದು ಗುಣಾಂಕ ಸೇರಿಸಿ ಮುಂದುವರಿಯುತ್ತದೆ. ಎರಡನೆಯದು ಅನುಕೂಲವೆನಿಸಿದರೂ, 32 ಗುಣಾಂಕಗಳಿಗೆ 15.5 ಸ್ಯಾಂಪಲ್ ಇದ್ದ ವಿಳಂಬ 33ಕ್ಕೆ 16 ಆಗಿರುತ್ತದೆ. ಪಕ್ಕದ ದಾರಿಯ ವಿಳಂಬವನ್ನು ಹಳೆಯ ಲೆಕ್ಕಕ್ಕೆ ಹೊಂದಿಸಿಟ್ಟಿದ್ದರೆ ಅದನ್ನೂ ತಿದ್ದಬೇಕು.