ದುಬಾರಿ ರೇನ್‌ಕೋಟ್ ಹಾಕಿದರೂ ಒಳಗೆ ಒದ್ದೆ ಯಾಕೆ?

ಪ್ರಶ್ನೆ: ಮಳೆಗಾಲದಲ್ಲಿ ಮಲೆನಾಡಿನ ಗುಡ್ಡ ಹತ್ತುವ ಅಭ್ಯಾಸ ಇದೆ. ಹಳೆ ನೈಲಾನ್ ರೇನ್‌ಕೋಟಿನಲ್ಲಿ ಬೆವೆತು ಸಾಕಾಗಿ, ಈ ಸಲ ಒಳ್ಳೆ ದುಡ್ಡು ಕೊಟ್ಟು ‘ಬ್ರೀದಬಲ್’ ಜಾಕೆಟ್ ತಗೊಂಡೆ. ಲೇಬಲ್ಲಿನಲ್ಲಿ 10,000 ಎಂಎಂ ಅಂತ ಇದೆ. ಎರಡು ಗಂಟೆ ನಡೆಯುವಷ್ಟರಲ್ಲಿ ಅಂಗಿ ಪೂರ್ತಿ ಒದ್ದೆ. ಜಾಕೆಟ್ ಸೋರ್ತಿದೆಯಾ? ಹಾಗಾದ್ರೆ ಯಾವ ಬಟ್ಟೆ ತಗೋಬೇಕು?

ಬಹುಶಃ ಸೋರ್ತಿಲ್ಲ. ಅದು ನಿಮ್ಮದೇ ಬೆವರು. ಆದ್ರೂ ಮೊದಲು ಖಚಿತ ಮಾಡ್ಕೊಳ್ಳಿ, ಕಷ್ಟ ಇಲ್ಲ. ಜಾಕೆಟ್ಟನ್ನು ಹ್ಯಾಂಗರಿಗೆ ಹಾಕಿ, ಜಿಪ್ ಎಳೆದು, ಭುಜದಲ್ಲೂ ತೋಳಲ್ಲೂ ಹಳೆ ಪೇಪರ್ ತುಂಬಿ, ಬಚ್ಚಲುಮನೆಯ ಶವರಿನ ಕೆಳಗೆ ಕಾಲು ಗಂಟೆ ಬಿಡಿ. ಪೇಪರ್ ಒಣಗಿದ್ದರೆ ಬಟ್ಟೆಯ ತಪ್ಪಿಲ್ಲ. ಭುಜದ ಹೊಲಿಗೆ ಅಥವಾ ಜಿಪ್ಪಿನ ಉದ್ದಕ್ಕೆ ಮಾತ್ರ ಗೆರೆ ಹಾಗೆ ಒದ್ದೆಯಾಗಿದ್ದರೆ ಅದು ಸೋರಿಕೆ. ಹಾಕಿಕೊಂಡಾಗ ಬೆನ್ನು, ಮುಂಗೈ ಎಲ್ಲ ಕಡೆ ಒಂದೇ ಸಮ ತೇವ ಆದರೆ ಬೆವರು. ಇನ್ನೊಂದು ಕಳ್ಳದಾರಿ ಇದೆ: ಒಳಗಿನ ಹತ್ತಿ ಅಂಗಿಯ ತೋಳು ಜಾಕೆಟ್ಟಿನ ಕೈತುದಿಯಿಂದ ಒಂದಿಷ್ಟು ಹೊರಗೆ ಇಣುಕಿದರೂ ಸಾಕು, ಅದು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಳೆನೀರನ್ನು ಮೊಣಕೈವರೆಗೆ ಎಳೆಯುತ್ತದೆ.

ಈಗ ಆ 10,000 ಏನು ಅಂತ ನೋಡೋಣ. ಬಟ್ಟೆಯ ಮೇಲೆ ಒಂದು ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ, ಎಷ್ಟು ಎತ್ತರಕ್ಕೆ ಬಂದಾಗ ಬಟ್ಟೆ ಆಚೆ ಬದಿಯಲ್ಲಿ ಹನಿ ಕಾಣಿಸುತ್ತದೆ ಅನ್ನುವ ಲೆಕ್ಕ ಅದು. 10,000 ಎಂಎಂ ಅಂದರೆ ಹತ್ತು ಮೀಟರ್ ನೀರಿನ ಭಾರ. ಸುಮ್ನೆ ಬೀಳುವ ಮಳೆಗೆ ಅಷ್ಟೆಲ್ಲ ಬೇಡ. ಬ್ಯಾಗಿನ ಪಟ್ಟಿ ಭುಜವನ್ನು ಒತ್ತುವ ಕಡೆ, ಒದ್ದೆ ಬಂಡೆಯ ಮೇಲೆ ಕೂತಾಗ, ಇಂಥಲ್ಲಿ ಒತ್ತಡ ಜಾಸ್ತಿ ಆಗುವುದರಿಂದ ಅದು ಬೇಕಾಗುತ್ತದೆ. ಅಂದರೆ ಈ ಸಂಖ್ಯೆ ನೀರು ತಡೆಯುವುದನ್ನು ಮಾತ್ರ ಹೇಳುತ್ತದೆ, ಬೆವರಿನ ಬಗ್ಗೆ ಏನೂ ಹೇಳುವುದಿಲ್ಲ.

ಬೆವರಿಗೆ ಬೇರೆ ಸಂಖ್ಯೆ ಇರುತ್ತದೆ. ಒಂದು ಚದರ ಮೀಟರ್ ಬಟ್ಟೆಯಿಂದ ದಿನಕ್ಕೆ ಎಷ್ಟು ಗ್ರಾಂ ಆವಿ ಹೊರಹೋಗುತ್ತದೆ ಅಂತ. ಅದೂ 10,000 ಅಂದುಕೊಳ್ಳಿ. ಗಂಟೆಗೆ ಸುಮಾರು 415 ಗ್ರಾಂ ಆಯ್ತು. ಜಾಕೆಟ್ಟಿನಲ್ಲಿ ಒಂದೂವರೆ ಚದರ ಮೀಟರ್ ಬಟ್ಟೆ ಇದೆ ಅಂತ ಇಟ್ಟುಕೊಂಡರೆ ಗಂಟೆಗೆ 600 ಗ್ರಾಂ ಆಸುಪಾಸು. ಬ್ಯಾಗ್ ಹೊತ್ತು ಏರು ಹತ್ತುವವರಿಗೆ ಗಂಟೆಗೆ ಅರ್ಧ ಲೀಟರಿಗೂ ಜಾಸ್ತಿ ಬೆವರು ಬರುವುದು ಮಾಮೂಲು, ಹಾಗಾಗಿ ಕಾಗದದ ಮೇಲೆ ಲೆಕ್ಕ ಹೆಚ್ಚುಕಮ್ಮಿ ಸರಿಹೋಗುತ್ತದೆ. ಆದರೆ ಆ ಪರೀಕ್ಷೆ ನಡೆಯುವುದು ಲ್ಯಾಬಿನಲ್ಲಿ, ನಮ್ಮ ಜುಲೈ ತಿಂಗಳ ಗುಡ್ಡದಲ್ಲಿ ಅಲ್ಲ.

ಅಸಲಿ ವಿಷಯ ಇಲ್ಲೇ ಇರುವುದು. ಆವಿಯನ್ನು ಬಟ್ಟೆ ತಾನಾಗಿ ಹೊರಗೆ ತಳ್ಳುವುದಿಲ್ಲ. ಒಳಗೆ ಆವಿಯ ಒತ್ತಡ ಜಾಸ್ತಿ, ಹೊರಗೆ ಕಡಿಮೆ ಇದ್ದಾಗ ಮಾತ್ರ ಅದು ಹೊರಗೆ ಹೋಗುತ್ತದೆ. ಬೆವೆತ ಚರ್ಮದ ಹತ್ತಿರ, 34 ಡಿಗ್ರಿಯಲ್ಲಿ, ಈ ಒತ್ತಡ ಸುಮಾರು 53 ಹೆಕ್ಟೊಪಾಸ್ಕಲ್. ಯುರೋಪಿನ ಬೆಟ್ಟದಲ್ಲಿ 5 ಡಿಗ್ರಿ ಚಳಿಯ ಮಳೆ ಆದರೆ ಹೊರಗಿನ ಒತ್ತಡ 8ರ ಹತ್ತಿರ. ವ್ಯತ್ಯಾಸ 45. ಆಗುಂಬೆ ಕಡೆ 23 ಡಿಗ್ರಿ, ತೇವಾಂಶ ಶೇ. 95 ಅಂದುಕೊಂಡರೆ ಹೊರಗೇ 27 ಇರುತ್ತದೆ, ವ್ಯತ್ಯಾಸ 26ಕ್ಕೆ ಇಳಿಯಿತು. ಮಂಗಳೂರಿನ 27 ಡಿಗ್ರಿ ಮಳೆಯಲ್ಲಿ ಅದು 19 ಅಷ್ಟೆ. ಅದೇ ಜಾಕೆಟ್, ಅದೇ ದುಡ್ಡು, ಕರಾವಳಿಗೆ ಬಂದಾಗ ಅದಕ್ಕೆ ಅರ್ಧಕ್ಕಿಂತಲೂ ಕಡಿಮೆ ಬಲ!

ಇದರ ಮೇಲೆ ಇನ್ನೊಂದು ಪೆಟ್ಟು ಬೀಳುತ್ತದೆ. ಬ್ರೀದಬಲ್ ಜಾಕೆಟ್ಟಿನಲ್ಲಿ ನೀರು ತಡೆಯುವುದು ಒಳಗೆ ಅಂಟಿಸಿದ ತೆಳು ಪೊರೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಪಿಟಿಎಫ್‌ಇ ಅನ್ನುವ ಪ್ಲಾಸ್ಟಿಕ್ಕನ್ನು ಸರಕ್ಕನೆ ಎಳೆದು ಹಿಗ್ಗಿಸಿದಾಗ ಸಿಕ್ಕಿದ್ದು ಇಂಥ ಪೊರೆಯೇ. ಅದರ ತೂತುಗಳಲ್ಲಿ ಆವಿ ಹೋಗುತ್ತದೆ, ನೀರಿನ ಹನಿ ಹೋಗುವುದಿಲ್ಲ. ಆದರೆ ಪೊರೆ ನಾಜೂಕು, ಅದಕ್ಕೇ ಹೊರಗಡೆ ನೈಲಾನ್ ಬಟ್ಟೆ, ಅದರ ಮೇಲೆ ಹನಿ ಉರುಳಿ ಹೋಗಲಿ ಅಂತ ಒಂದು ಲೇಪ. ಗಂಟೆಗಟ್ಟಲೆ ಜಡಿಮಳೆ ಹೊಡೆದಾಗ ಈ ಲೇಪ ಸೋಲುತ್ತದೆ. ಬ್ಯಾಗಿನ ಪಟ್ಟಿ ಉಜ್ಜುವ ಕಡೆ ಇನ್ನೂ ಬೇಗ. ಹೊರಬಟ್ಟೆ ನೀರು ಕುಡಿದು ಕಪ್ಪಗಾಗಿ, ತಣ್ಣಗೆ ಮೈಗೆ ಅಂಟುತ್ತದೆ. ಆಗ ಪೊರೆಯ ಹೊರಮೈ ಮೇಲೆ ನೀರಿನ ಪದರವೇ ಕೂತಿರುವುದರಿಂದ ಆವಿ ಹೋಗುವುದು ಬಹಳ ಕಮ್ಮಿ ಆಗಿ, ಒಳಗೇ ಹನಿಗಟ್ಟುತ್ತದೆ. ನಿಮಗೆ ಆಗಿರುವುದು ಇದೇ ಅಂತ ನನ್ನ ಅಂದಾಜು. ಮನೆಯಲ್ಲಿ ಜಾಕೆಟ್ ಮೇಲೆ ಒಂದು ಲೋಟ ನೀರು ಸುರಿದು ನೋಡಿ. ಮುತ್ತಿನಂತೆ ಉರುಳದೆ ಕಲೆ ಥರ ಹರಡಿದರೆ ಲೇಪ ಸತ್ತಿದೆ. ಕಂಫರ್ಟ್ ಥರದ ಲಿಕ್ವಿಡ್ ಹಾಕದೆ ತೊಳೆದು, ಸೋಪು ಪೂರ್ತಿ ಹೋಗುವಂತೆ ಎರಡು ಸಲ ಜಾಲಾಡಿ, ಲೇಬಲ್ ಒಪ್ಪಿದರೆ ಮೇಲೊಂದು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಬಿಸಿಗೆ ಲೇಪ ಸ್ವಲ್ಪ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆಗದಿದ್ದರೆ ಸ್ಪ್ರೇ ಸಿಗುತ್ತದೆ.

ಹಾಗಾದ್ರೆ ಏನು ತಗೋಬೇಕು? ಬೈಕಿಗೆ ಆದರೆ ಪೊರೆಯ ಜಾಕೆಟ್ ನನ್ನ ಪ್ರಕಾರ ದಂಡ. ಬೈಕಿನ ಮೇಲೆ ಕೂತವರು ಅಷ್ಟೇನೂ ಬೆವರುವುದಿಲ್ಲ, ಗಾಳಿಯ ವೇಗಕ್ಕೆ ನೀರು ಮಾತ್ರ ಎಲ್ಲಿ ಸಂದು ಸಿಕ್ಕರೂ ನುಗ್ಗುತ್ತದೆ. ಪಿವಿಸಿ ಅಥವಾ ದಪ್ಪ ಪಿಯು ಕೋಟಿಂಗಿನ ನೈಲಾನ್ ಸಾಕು. ಆದರೆ ಹೊಲಿಗೆಯ ಒಳಬದಿ ತಿರುಗಿಸಿ ನೋಡಿ, ಪ್ರತಿ ಹೊಲಿಗೆಯ ಮೇಲೂ ಟೇಪ್ ಅಂಟಿಸಿರಬೇಕು. ಸೂಜಿ ಹೋದ ಪ್ರತಿ ಕಡೆ ಒಂದು ತೂತು ಇರುತ್ತದಲ್ವಾ. ಪ್ಯಾಂಟಿನಲ್ಲಿ ತೊಡೆ ಸಂದಿಯ ಹೊಲಿಗೆ ಮುಖ್ಯ, ಸೀಟಿನ ಮೇಲೆ ನಿಂತ ನೀರಿನಲ್ಲೇ ನೀವು ಕೂತಿರುತ್ತೀರಿ, ಮೊದಲು ಸೋರುವುದು ಅಲ್ಲೇ.

ಗುಡ್ಡಕ್ಕೆ ಬೇಕಾದದ್ದು ಬಟ್ಟೆಗಿಂತ ಗಾಳಿಯಾಡುವ ಜಾಗ. ನಿಮ್ಮ ಜಾಕೆಟ್ಟಿನ ಕಂಕುಳಲ್ಲಿ ಜಿಪ್ ಇದ್ದರೆ ಮಳೆ ಜೋರಿದ್ದಾಗಲೂ ತೆರೆದಿಡಿ. ಇಲ್ಲದಿದ್ದರೆ ಬ್ಯಾಗಿನ ಮೇಲೂ ಮುಚ್ಚುವ ಪೊಂಚೋ ಒಳ್ಳೆಯದು, ಅಗ್ಗದ ನೈಲಾನಿನದ್ದಾದರೂ ಕೆಳಗಿನಿಂದ ಗಾಳಿ ಬರುತ್ತದೆ. ನಮ್ಮ ಕಡೆ ಗದ್ದೆ ನಟ್ಟಿಗೆ ಬಳಸುತ್ತಿದ್ದ ಬಿದಿರು-ಎಲೆಯ ಗೊರಬು ಕೆಲಸ ಮಾಡುತ್ತಿದ್ದದ್ದೂ ಹೀಗೇ: ಬಗ್ಗಿದ ಬೆನ್ನಿನ ಮೇಲೆ ಸೂರು, ಕೆಳಗೆಲ್ಲ ಖಾಲಿ. ಗಾಳಿ ಹೊಡೆಯುವ ಬೋಳುಗುಡ್ಡದಲ್ಲಿ ಮಾತ್ರ ಪೊಂಚೋ ಹಾರಾಡುತ್ತದೆ, ಅಲ್ಲಿ ಜಾಕೆಟ್ಟೇ ಸರಿ. ಒಳಗೆ ಹತ್ತಿ ಬೇಡ, ತೆಳು ಪಾಲಿಯೆಸ್ಟರ್ ಟೀ ಶರ್ಟ್ ಹಾಕಿ. ಒದ್ದೆ ಆದರೂ ಬೇಗ ಆರುತ್ತದೆ.

ಕಾಡುದಾರಿ, ಊರೊಳಗಿನ ನಡಿಗೆಗೆ ಕೊಡೆಯನ್ನು ಮೀರಿಸುವ ಬಟ್ಟೆ ಇಲ್ಲ. ಕೊಡೆಗೆ ಬ್ರೀದಬಲ್ ಬೇಕಾಗಿಯೇ ಇಲ್ಲ. ನೇಯ್ಗೆ ಬಿಗಿ ಇರಬೇಕು, ಒಳಗೆ ಕೋಟಿಂಗ್ ಇರಬೇಕು. ದಪ್ಪ ಹನಿಗಳು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುವಾಗ ತೆಳು ಕೊಡೆಬಟ್ಟೆಯಿಂದ ಮುಖಕ್ಕೆ ಸಣ್ಣ ಸಿಂಪರಣೆ ಬರುತ್ತದೆ, ಗಮನಿಸಿರಬಹುದು. ಅಂಗಡಿಯಲ್ಲಿ ಬಿಚ್ಚಿ ಬೆಳಕಿಗೆ ಹಿಡಿಯಿರಿ, ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿ ಹೊಲಿಗೆ ಬಿಟ್ಟು ಬೇರೆಲ್ಲಾದರೂ ಕಂಡರೆ ಆ ಕೊಡೆ ಬೇಡ.

ಹಳೆ ನೈಲಾನ್ ಕೋಟನ್ನು ಎಸೆಯಬೇಡಿ, ಬೈಕಿಗೆ ಇರಲಿ. ಒಳಗಿನ ಪಿಯು ಕೋಟಿಂಗನ್ನು ಬೆರಳಲ್ಲಿ ಮುಟ್ಟಿ ನೋಡಿ. ಅಂಟಂಟಾಗಿದ್ದರೆ, ಚಕ್ಕೆ ಏಳುತ್ತಿದ್ದರೆ ಅದರ ಕಾಲ ಮುಗಿದಿದೆ, ಯಾವ ಸ್ಪ್ರೇಗೂ ಸರಿಹೋಗುವುದಿಲ್ಲ. ಒದ್ದೆಯಲ್ಲೇ ಮಡಚಿ ಡಿಕ್ಕಿಯಲ್ಲಿ ಇಟ್ಟ ಕೋಟುಗಳು ಬೇಗ ಈ ಗತಿಗೆ ಬರುತ್ತವೆ, ಸೆಖೆ ಮತ್ತು ತೇವ ಸೇರಿ ಆ ಕೋಟಿಂಗನ್ನು ಒಡೆಯುತ್ತವೆ.