ಕಾವಲಿ ಖಾಲಿ ಇದೆ ಅಂತ ದೋಸೆಯ ಬೆಲೆ ಇಳಿಸುವ ಮುನ್ನ

ಸಣ್ಣ ಹೋಟೆಲ್‌ಗಳ ಲೆಕ್ಕ ನೋಡುವುದು ನನ್ನ ಕೆಲಸ. ವರ್ಷಕ್ಕೆ ನಾಲ್ಕೈದು ಜನ ಯಜಮಾನರು ನನ್ನ ಮುಂದೆ ಕೂತು ಒಂದೇ ಮಾತು ಹೇಳುತ್ತಾರೆ. "ಸಾರ್, ಕಾವಲಿ ಅರ್ಧಕ್ಕರ್ಧ ಖಾಲಿ ಇರುತ್ತೆ. ಐದು ರೂಪಾಯಿ ಇಳಿಸಿದ್ರೆ ಜನ ಬರ್ತಾರೆ. ಜಾಸ್ತಿ ದೋಸೆ ಹೋದ್ರೆ ಒಂದೊಂದಕ್ಕೆ ಬೀಳೋ ಖರ್ಚು ಇಳಿಯುತ್ತೆ. ಆಗ ಲಾಭ ಬಂದೇ ಬರುತ್ತೆ ಅಲ್ವಾ?"

ಖರ್ಚು ಇಳಿಯುತ್ತದೆ, ಅದು ನಿಜ. ಲಾಭ ಬರುವುದಿಲ್ಲ. ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಈ ಸಲ ಅಂಕಿಗಳನ್ನೇ ಇಟ್ಟು ಬರೆಯುತ್ತಿದ್ದೇನೆ.

ಬೆಂಗಳೂರಿನ ಒಂದು ಬಡಾವಣೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ಇಟ್ಟಿರುವ ಒಬ್ಬರ ಲೆಕ್ಕ ತೆಗೆದುಕೊಳ್ಳುತ್ತೇನೆ. ದಾವಣಗೆರೆ ಕಡೆಯವರು, ಕೈರುಚಿ ಚೆನ್ನಾಗಿದೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ, ಬೇರೆ ತಿಂಡಿಗಳನ್ನು ಬಿಟ್ಟು ದೋಸೆಯೊಂದನ್ನೇ ಇಟ್ಟುಕೊಂಡಿದ್ದೇನೆ.

ಒಂದು ದೋಸೆಗೆ ಹಿಟ್ಟು, ಬೆಣ್ಣೆ, ಪಲ್ಯ, ಚಟ್ನಿ, ಗ್ಯಾಸು ಸೇರಿ 30 ರೂಪಾಯಿ. ಒಂದು ದೋಸೆ ಹೋದರೂ ನೂರು ಹೋದರೂ ಕಟ್ಟಲೇಬೇಕಾದ ಖರ್ಚು ದಿನಕ್ಕೆ 9,000. ಅದರಲ್ಲಿ ಬಾಡಿಗೆ 2,500, ಕೆಲಸದವರ ಸಂಬಳ 4,000, ಕರೆಂಟು, ನೀರು, ಪಾತ್ರೆ ಸವೆತ ಎಲ್ಲ ಸೇರಿ 800. ಉಳಿದದ್ದರಲ್ಲಿ 1,200 ಯಜಮಾನರ ಸ್ವಂತ ದುಡಿಮೆಯ ಕೂಲಿ, 500 ಅವರು ಹಾಕಿದ 20 ಲಕ್ಷದ ಬಡ್ಡಿ.

ಈ ಕೊನೆಯ ಎರಡನ್ನು ನೋಡಿ ಎಲ್ಲರೂ ಹುಬ್ಬೇರಿಸುತ್ತಾರೆ. "ನನ್ನ ದುಡ್ಡಿಗೆ ನಾನೇ ಬಡ್ಡಿ ಕೊಡಬೇಕಾ?" ಹೌದು, ಲೆಕ್ಕದಲ್ಲಿ ಇಡಬೇಕು. ಅದೇ ದುಡ್ಡು ಬೇರೆ ಕಡೆ ಇದ್ದಿದ್ದರೆ ಬಡ್ಡಿ ಬರುತ್ತಿತ್ತು. ಅದೇ ಮನುಷ್ಯ ಬೇರೆ ಹೋಟೆಲಿನ ಅಡುಗೆಮನೆ ನೋಡಿಕೊಂಡಿದ್ದರೆ ಸಂಬಳ ಸಿಗುತ್ತಿತ್ತು. ಹಾಗಾಗಿ ಈ ಬರಹದಲ್ಲಿ "ಲಾಭ ಸೊನ್ನೆ" ಅಂತ ನಾನು ಬರೆದಾಗ ಯಜಮಾನರ ಕೈಗೆ ಏನೂ ಬರಲಿಲ್ಲ ಅಂತ ಅರ್ಥವಲ್ಲ. ಅವರ ಕೂಲಿ ಮತ್ತು ಬಡ್ಡಿ, ಅಂದರೆ ತಿಂಗಳಿಗೆ 51,000 ಬಂತು, ಅದರ ಮೇಲೆ ಏನೂ ಉಳಿಯಲಿಲ್ಲ ಅಂತ ಅರ್ಥ. ತೆರಿಗೆಗೆ ಬರೆಯುವ ಲೆಕ್ಕ ಬೇರೆ. ಅಲ್ಲಿ ಈ 51,000 ಲಾಭ ಅಂತಲೇ ಕಾಣುತ್ತದೆ.

ಶುರುವಿನಲ್ಲಿ ಆ ರಸ್ತೆಯಲ್ಲಿ ಬೆಣ್ಣೆ ದೋಸೆ ಸಿಗುತ್ತಿದ್ದದ್ದು ಇವರ ಹತ್ತಿರ ಮಾತ್ರ. 70 ರೂಪಾಯಿಗೆ ದಿನಕ್ಕೆ 400 ದೋಸೆ ಹೋಗುತ್ತಿತ್ತು. ದೋಸೆಯೊಂದಕ್ಕೆ 40 ರೂಪಾಯಿ ಕೈಗೆ ಉಳಿದು 16,000 ಆಗುತ್ತಿತ್ತು. 9,000 ಕಳೆದರೆ ದಿನಕ್ಕೆ 7,000 ಶುದ್ಧ ಲಾಭ.

ಹೋಟೆಲಿನಲ್ಲಿ ಇಂಥದ್ದು ಗುಟ್ಟಾಗಿ ಉಳಿಯುವುದಿಲ್ಲ. ಹೊರಗೆ ನಿಂತಿರುವ ಬೈಕುಗಳನ್ನು ಎಣಿಸಿದರೂ ಗೊತ್ತಾಗುತ್ತದೆ. ಮೂರು ವರ್ಷದಲ್ಲಿ ಅದೇ ರಸ್ತೆಗೆ ಇನ್ನೊಂದು ಬೆಣ್ಣೆ ದೋಸೆ ಬಂತು, ಆಮೇಲೆ ತುಪ್ಪದ ದೋಸೆ ಬಂತು, ಆಮೇಲೆ ಪಡ್ಡು ಮಾಡುವವರು ಬಂದರು. ಯಾರೂ ಇವರ ದೋಸೆಯನ್ನೇ ನಕಲು ಮಾಡಲಿಲ್ಲ. ಆದರೆ ಇವರ ಗಿರಾಕಿಗಳಲ್ಲಿ ಸ್ವಲ್ಪ ಸ್ವಲ್ಪ ಜನರನ್ನು ಎಲ್ಲರೂ ಹಂಚಿಕೊಂಡರು. ಇವರು 70 ರೂಪಾಯಿಯಲ್ಲೇ ನಿಂತಿದ್ದರೆ 200 ದೋಸೆ ಹೋಗುತ್ತಿತ್ತು. ತಡಕಾಡಿ ಕೊನೆಗೆ 60 ರೂಪಾಯಿಗೆ ಬಂದು ನಿಂತರು. ಈಗ ದಿನಕ್ಕೆ 300 ದೋಸೆ. ಒಂದಕ್ಕೆ 30 ಉಳಿದರೆ ಒಟ್ಟು 9,000. ಕಟ್ಟಬೇಕಾದದ್ದೂ 9,000.

ಆದರೆ ಅವರ ದೊಡ್ಡ ಕಾವಲಿಯಲ್ಲಿ ದಿನಕ್ಕೆ 600 ದೋಸೆ ಹಾಕಬಹುದು. 600ರ ತನಕ ದೋಸೆಯ ಸರಾಸರಿ ವೆಚ್ಚ ಇಳಿಯುತ್ತಲೇ ಹೋಗುತ್ತದೆ. ಅದನ್ನು ದಾಟಿದರೆ ಎರಡನೇ ಕಾವಲಿ, ಇನ್ನೊಬ್ಬ ಭಟ್ಟರು ಬೇಕು, ಖರ್ಚು ಏರುತ್ತದೆ. 600 ಹೋದರೆ ದೋಸೆಯೊಂದಕ್ಕೆ ಬೀಳುವುದು ಬರೀ 45 ರೂಪಾಯಿ. ಈಗ ಬೀಳುತ್ತಿರುವುದು 60. "ನೋಡಿ ಸಾರ್, ಅಲ್ಲೇ ಇದೆ ನನ್ನ ಲಾಭ" ಅಂತ ಅವರು ತೋರಿಸಿದ್ದು ಈ 15 ರೂಪಾಯಿಯನ್ನೇ.

ಅವರು ಒಂದೇ ಗೆರೆಯನ್ನು ನೋಡುತ್ತಿದ್ದರು. ಗೆರೆಗಳು ಎರಡಿವೆ.

ಒಂದು ವೆಚ್ಚದ ಗೆರೆ. ಇನ್ನೊಂದು ಬೇಡಿಕೆಯ ಗೆರೆ, ಅಂದರೆ ಇಷ್ಟು ದೋಸೆ ಹೋಗಬೇಕಾದರೆ ಬೆಲೆ ಎಷ್ಟಿರಬೇಕು ಅನ್ನುವುದು. ಅವರ ಬಿಲ್ಲುಗಳನ್ನು ಕೂತು ನೋಡಿದಾಗ, ಬೆಲೆ ಐದು ರೂಪಾಯಿ ಇಳಿದರೆ ಸುಮಾರು 50 ದೋಸೆ ಹೆಚ್ಚು ಹೋಗುತ್ತದೆ, ಏರಿದರೆ 50 ಕಡಿಮೆಯಾಗುತ್ತದೆ ಅಂತ ಕಂಡಿತು. ಅದನ್ನಿಟ್ಟುಕೊಂಡು ನೋಡಿ. 55 ರೂಪಾಯಿಗೆ 350 ದೋಸೆ ಹೋಗುತ್ತದೆ, ಆಗ ಒಂದಕ್ಕೆ ಬೀಳುವ ವೆಚ್ಚ 55 ರೂಪಾಯಿ 70 ಪೈಸೆ. 50 ರೂಪಾಯಿಗೆ 400 ಹೋಗುತ್ತದೆ, ವೆಚ್ಚ 52 ರೂಪಾಯಿ 50 ಪೈಸೆ. ವೆಚ್ಚ ಇಳಿದಿದೆ, ಆದರೆ ಬೆಲೆ ಅದಕ್ಕಿಂತ ಕೆಳಗೆ ಹೋಗಿದೆ. ಬೆಲೆ ಏರಿಸಿದರೂ ಅದೇ ಕಥೆ. 65 ರೂಪಾಯಿಗೆ 250 ದೋಸೆ, ವೆಚ್ಚ 66. ಇನ್ನು 600 ದೋಸೆ ಹೋಗಬೇಕಾದರೆ ಬೆಲೆಯನ್ನು 30ಕ್ಕೆ ಇಳಿಸಬೇಕು. ಅಂದರೆ ಹಿಟ್ಟು ಬೆಣ್ಣೆಯ ಖರ್ಚಷ್ಟೇ ವಾಪಸ್ ಬರುತ್ತದೆ. ಕಾವಲಿ ತುಂಬಿರುತ್ತದೆ, ದಿನಕ್ಕೆ 9,000 ನಷ್ಟ.

60 ರೂಪಾಯಿ, 300 ದೋಸೆ. ಎರಡು ಗೆರೆಗಳೂ ಒಂದನ್ನೊಂದು ಮುಟ್ಟುವುದು ಅಲ್ಲಿ ಮಾತ್ರ. ಅದರ ಎಡಕ್ಕೂ ಬಲಕ್ಕೂ ಬೇಡಿಕೆಯ ಗೆರೆ ವೆಚ್ಚದ ಗೆರೆಗಿಂತ ಕೆಳಗಿದೆ. ಅರ್ಥಶಾಸ್ತ್ರದವರು ಸ್ಪರ್ಶ ಬಿಂದು ಅನ್ನುವುದು ಇದಕ್ಕೇ.

ಮುಟ್ಟುವುದು ಅಂದರೇನು ಅಂತ ಇನ್ನೂ ಹತ್ತಿರದಿಂದ ನೋಡೋಣ, ಎಲ್ಲರೂ ಎಡವುವುದು ಇಲ್ಲೇ. ಈಗಿನ 300ರ ಮೇಲೆ ಇನ್ನು ಹತ್ತು ದೋಸೆ ಮಾರಬೇಕು ಅಂದುಕೊಳ್ಳಿ. ಬೆಲೆ ಒಂದು ರೂಪಾಯಿ ಇಳಿಯಬೇಕು. ಸರಾಸರಿ ವೆಚ್ಚ ಇಳಿಯುವುದು 97 ಪೈಸೆ. ಹೆಚ್ಚು ಕಡಿಮೆ ಎರಡೂ ಒಂದೇ ವೇಗದಲ್ಲಿ ಇಳಿಯುತ್ತಿವೆ. ಮುಂದೆ ಹೋದಷ್ಟೂ ವೆಚ್ಚ ಇಳಿಯುವ ವೇಗ ತಗ್ಗುತ್ತದೆ. 400ರಿಂದ 410ಕ್ಕೆ ಹೋಗುವಾಗ ಬೆಲೆ ಇಳಿಯುವುದು ಅದೇ ಒಂದು ರೂಪಾಯಿ, ವೆಚ್ಚ ಇಳಿಯುವುದು 55 ಪೈಸೆ. ಖಾಲಿ ಕಾವಲಿಯನ್ನು ತುಂಬಲು ಹೊರಟವರು ಹೆಜ್ಜೆ ಹೆಜ್ಜೆಗೂ ಹೀಗೆ ಹಿಂದೆ ಬೀಳುತ್ತಾರೆ.

ಬೆಲೆ ಇಳಿಸುವ ಮುಂಚೆ ಮಾಡಬೇಕಾದ ಲೆಕ್ಕ ಒಂದೇ ಸಾಲಿನದು. ಹೊಸ ಬೆಲೆಯಲ್ಲಿ ದೋಸೆಗೆ ಎಷ್ಟು ಉಳಿಯುತ್ತದೋ ಅದರಿಂದ 9,000ವನ್ನು ಭಾಗಿಸಿ. 55 ರೂಪಾಯಿಯಾದರೆ 25 ಉಳಿಯುತ್ತದೆ, 360 ದೋಸೆ ಹೋಗಲೇಬೇಕು. ಇದ್ದಲ್ಲೇ ಇರುವುದಕ್ಕೇ 60 ದೋಸೆ ಜಾಸ್ತಿ ಬೇಕು, ಬರುವುದು 50.

ಹಾಗಾದರೆ ಈ ಗೆರೆಗಳು ಸರಿಯಾಗಿ ಮುಟ್ಟುವ ಕಡೆಯೇ ಯಾಕೆ ನಿಂತವು? ನಿಲ್ಲಿಸಿದ್ದು ಆ ರಸ್ತೆಗೆ ಬಂದವರು. 7,000 ಉಳಿಯುತ್ತಿರುವ ತನಕ ಹೊಸಬರು ಬರುತ್ತಲೇ ಇರುತ್ತಾರೆ. ಒಬ್ಬೊಬ್ಬರು ಬಂದಾಗಲೂ ಇವರ ಬೇಡಿಕೆಯ ಗೆರೆ ಕೆಳಗೆ ಸರಿಯುತ್ತದೆ. ಗೆರೆ ವೆಚ್ಚಕ್ಕಿಂತ ಪೂರ್ತಿ ಕೆಳಗೆ ಹೋದರೆ ಯಾರಾದರೂ ಬಾಗಿಲು ಹಾಕುತ್ತಾರೆ, ಉಳಿದವರ ಗೆರೆ ಮೇಲೆ ಬರುತ್ತದೆ. ಬರುವವರೂ ಹೋಗುವವರೂ ನಿಲ್ಲುವುದು ಮುಟ್ಟಿದಾಗ ಮಾತ್ರ. ನಿಜಜೀವನದಲ್ಲಿ ಪೈಸೆಗೆ ಪೈಸೆ ಸರಿಹೋಗುವುದಿಲ್ಲ, ಎಲ್ಲ ಹೋಟೆಲುಗಳ ಖರ್ಚೂ ಒಂದೇ ಅಲ್ಲ, ವರ್ಷಗಟ್ಟಲೆ ಹಿಡಿಯಬಹುದು. ಆದರೆ ಎಳೆತ ಆ ಕಡೆಗೇ.

ಇದಕ್ಕೆ ಏಕಸ್ವಾಮ್ಯಯುತ ಪೈಪೋಟಿ ಅಂತ ಹೆಸರು. ಅಮೆರಿಕದ ಎಡ್ವರ್ಡ್ ಚೇಂಬರ್ಲಿನ್ 1933ರಲ್ಲಿ ಇದನ್ನು ಬಿಡಿಸಿಟ್ಟರು. ತನ್ನ ದೋಸೆಗೆ ಯಜಮಾನನೇ ಒಡೆಯ, ಅಷ್ಟು ಮಟ್ಟಿಗೆ ಏಕಸ್ವಾಮ್ಯ. ಪಕ್ಕದಲ್ಲಿ ಯಾರು ಬೇಕಾದರೂ ಅಂಗಡಿ ತೆಗೆಯಬಹುದು, ಅಷ್ಟು ಮಟ್ಟಿಗೆ ಪೈಪೋಟಿ. ಎಪಿಎಂಸಿಯಲ್ಲಿ ರಾಗಿ ಮಾರುವ ರೈತನ ಬೇಡಿಕೆಯ ಗೆರೆ ಮಟ್ಟಸ. ಎಷ್ಟು ಚೀಲ ತಂದರೂ ಅವತ್ತಿನ ರೇಟೇ. ಮಟ್ಟಸವಾದ ಗೆರೆ ವೆಚ್ಚದ ಗೆರೆಯನ್ನು ಅದರ ತಳದಲ್ಲಿ ಮುಟ್ಟುತ್ತದೆ. ದೋಸೆಯ ಗೆರೆ ಇಳಿಜಾರು, ಅದು ವೆಚ್ಚದ ಗೆರೆಯ ಇಳಿಯುವ ಭಾಗವನ್ನೇ ಮುಟ್ಟಬೇಕು, ತಳಕ್ಕೆ ಮುಂಚೆಯೇ. ಹಾಗಾಗಿ 300 ದೋಸೆಯಷ್ಟು ಸಾಮರ್ಥ್ಯ ಮಿಕ್ಕುತ್ತದೆ. ಅದು ಯಜಮಾನರ ಸೋಮಾರಿತನ ಅಲ್ಲ. ಅವರ ದೋಸೆಯೇ ಬೇಕು ಅಂತ ಎರಡು ಬೀದಿ ದಾಟಿ ಬರುವ ಜನ ಇದ್ದಾರಲ್ಲ, ಗೆರೆಯನ್ನು ಇಳಿಜಾರು ಮಾಡಿದ್ದು ಅವರೇ.

ಒಂದು ಎಚ್ಚರಿಕೆ ಹೇಳಲೇಬೇಕು. ಮಧ್ಯಾಹ್ನ ಮೂರು ಗಂಟೆಗೆ ಕಾವಲಿ ತಣ್ಣಗಿದ್ದರೆ ಅದನ್ನೇ ಹೆಚ್ಚುವರಿ ಸಾಮರ್ಥ್ಯ ಅಂತ ಬರೆದುಕೊಳ್ಳಬೇಡಿ. ಆ ಹೊತ್ತಿಗೆ ಎಲ್ಲರ ಕಾವಲಿಯೂ ತಣ್ಣಗಿರುತ್ತದೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಹೋಗಿ ನೋಡಿ. ಜನ ಕಾದು ಕಾದು ವಾಪಸ್ ಹೋಗುತ್ತಿದ್ದರೆ ನಿಮ್ಮ ತೊಂದರೆ ಬೇರೆಯದು, ಬೆಲೆ ಇಳಿಸುವುದಂತೂ ಅದಕ್ಕೆ ಮದ್ದಲ್ಲ. ರಶ್ ಹೊತ್ತಿನಲ್ಲೂ ಕಾವಲಿಯಲ್ಲಿ ಜಾಗ ಉಳಿದಿದ್ದರೆ ನಾನು ಹೇಳುತ್ತಿರುವ ವಿಷಯ ಅದು.

ಇನ್ನು ಆ ಯಜಮಾನರ ವಿಷಯ. ನಾನು ಇಷ್ಟೆಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿದರು, ಕಾಫಿ ತರಿಸಿದರು, ಮುಂದಿನ ಸೋಮವಾರ ಬೋರ್ಡಿನಲ್ಲಿ 55 ಅಂತ ಬರೆಸಿದರು. ನನಗೆ ಸಿಟ್ಟು ಬಂತು, ಆದರೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ನೋಡುವ ಮನುಷ್ಯನ ಆಸೆ ಅರ್ಥವಾಗುತ್ತದೆ. ಮೊದಲ ವಾರ 350ರ ಹತ್ತಿರ ಹೋಯಿತು. ಎರಡನೇ ವಾರ ಎದುರಿನ ಬೆಣ್ಣೆ ದೋಸೆಯವರೂ ಇಳಿಸಿದರು, ತುಪ್ಪದ ದೋಸೆಯವರೂ ಇಳಿಸಿದರು. ಬಂದ ಗಿರಾಕಿಗಳು ತಮ್ಮ ತಮ್ಮ ಜಾಗಕ್ಕೆ ವಾಪಸ್ ಹೋದರು. ಇವರಿಗೆ ಉಳಿದದ್ದು 310. ಐವತ್ತು ದೋಸೆ ಜಾಸ್ತಿ ಅನ್ನುವ ಲೆಕ್ಕ ನಡೆಯುವುದು ಬೇರೆಯವರು ಸುಮ್ನೆ ಇದ್ದಾಗ ಮಾತ್ರ. ಎಲ್ಲರೂ ಇಳಿಸಿದಾಗ ಗೆರೆ ಇನ್ನೂ ಕಡಿದಾಗುತ್ತದೆ. ದಿನಕ್ಕೆ 250 ಆಗಬೇಕಿದ್ದ ನಷ್ಟ 1,250 ಆಯಿತು.

ಎರಡು ತಿಂಗಳು ಎಳೆದಾಡಿ ಎಲ್ಲರೂ 60ಕ್ಕೆ ವಾಪಸ್ ಬಂದರು. ಅಷ್ಟರಲ್ಲಿ ಪಡ್ಡಿನವರು ತಾಳಲಾರದೆ ಬಾಗಿಲು ಹಾಕಿದ್ದರು. ಅವರ ಗಿರಾಕಿಗಳಲ್ಲಿ ಕೆಲವರು ಇಲ್ಲಿಗೆ ಬಂದರು. ಈಗ ದಿನಕ್ಕೆ 330 ದೋಸೆ ಹೋಗುತ್ತಿದೆ, 900 ರೂಪಾಯಿ ಮೇಲೆ ಉಳಿಯುತ್ತಿದೆ. ಬಾಡಿಗೆ ಕರಾರು ಬರುವ ವರ್ಷ ಮುಗಿಯುತ್ತದೆ. ಕಟ್ಟಡದ ಮಾಲೀಕರು ದಿನಾ ಬೆಳಗ್ಗೆ ಅಲ್ಲೇ ತಿಂಡಿ ತಿನ್ನುತ್ತಾರೆ, ಎಷ್ಟು ಜನ ಬರುತ್ತಾರೆ ಅಂತ ಅವರಿಗೂ ಕಾಣುತ್ತದೆ. ಆ 900ರಲ್ಲಿ ಸ್ವಲ್ಪ ಅವರ ಬಾಡಿಗೆಗೆ ಸೇರುತ್ತದೆ ಅಂತ ಯಜಮಾನರಿಗೆ ಹೇಳಿದ್ದೇನೆ. ಹೋದ ವಾರ ಲೆಕ್ಕದ ಪುಸ್ತಕ ಕೊಡಲು ಬಂದಾಗ ಅವರೇ ಇನ್ನೊಂದು ಸುದ್ದಿ ಹೇಳಿದರು. ಪಡ್ಡಿನವರು ಬಿಟ್ಟ ಮಳಿಗೆಗೆ ಬಣ್ಣ ಹೊಡೆಯುತ್ತಿದ್ದಾರಂತೆ. ತಟ್ಟೆ ಇಡ್ಲಿ ಬರುತ್ತಿದೆ.