‘ಎಐ ನೆರವಿನಿಂದ’ ಎಂದು ಒಂದು ಸಾಲು ಬರೆದರೆ ಸಾಕೇ?

ಓದುಗರ ಪ್ರಶ್ನೆ: ‘ಮುಂಬಯಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪೋಸ್ಟ್‌ಗಳನ್ನು ಈಗ ಎಐ ಬಳಸಿ ಮಾಡುತ್ತೇವೆ. ಮುಚ್ಚಿಡುವುದು ಬೇಡವೆಂದು ಪ್ರತಿಯೊಂದರ ಕೊನೆಗೂ “ಎಐ ನೆರವಿನಿಂದ ಸಿದ್ಧಪಡಿಸಿದ್ದು” ಎಂದು ಬರೆಯುತ್ತೇವೆ. ಇಷ್ಟಾದ ಮೇಲೂ ನೀತಿ, ನಿಯಮ ಎಂದು ಬೇರೆ ಏನಾದರೂ ಬೇಕೇ ಸರ್?’

ಬೇಕು. ಮಾಟುಂಗದ ಹೋಟೆಲಿನವರೂ ಇದನ್ನೇ ಕೇಳುತ್ತಾರೆ, ಡೊಂಬಿವಲಿಯ ಕೇಟರಿಂಗ್‌ನವರೂ ಇದನ್ನೇ ಕೇಳುತ್ತಾರೆ, ಪುಣೆಯಿಂದ ಬರುವ ಫೋನ್ ಕರೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ತುಂಡು ತುಂಡಾಗಿ ಉತ್ತರ ಹೇಳಿ ಸಾಕಾಗಿದೆ, ಹಾಗಾಗಿ ಈ ಸಲ ಪೂರ್ತಿಯಾಗಿ ಬರೆಯುತ್ತೇನೆ.

ಪ್ರಶ್ನೆಯ ಒಳಗೇ ಒಂದು ನಂಬಿಕೆ ಕುಳಿತಿದೆ: ಎಐ ಬಳಸಿದ್ದನ್ನು ಹೇಳಿಬಿಟ್ಟರೆ ಪ್ರಾಮಾಣಿಕತೆಯ ಲೆಕ್ಕ ಚುಕ್ತಾ ಆಯಿತು ಎಂಬುದು. ಆ ಸಾಲು ಹೇಳುವುದು ಪೋಸ್ಟ್ ಹೇಗೆ ತಯಾರಾಯಿತು ಎಂಬುದನ್ನು ಮಾತ್ರ. ಗಿರಾಕಿಗೆ ಬೇಕಿರುವುದು ಅದರಲ್ಲಿ ಇರುವುದು ನಿಜವೇ ಎಂಬ ಪ್ರಶ್ನೆಗೆ ಉತ್ತರ. ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದನ್ನೂ ತೀರಿಸಿದ್ದೇವೆ ಎಂದು ಅಂಗಡಿಯವರು ನಂಬಿಕೊಂಡು ಕುಳಿತಿರುವುದರಿಂದಲೇ ಇಷ್ಟೊಂದು ತೊಂದರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಾಟುಂಗದ ಒಂದು ಉಡುಪಿ ಹೋಟೆಲ್ ಗಣೇಶ ಚತುರ್ಥಿಯ ಊಟಕ್ಕೆ ಪೋಸ್ಟ್ ಹಾಕುತ್ತದೆ ಎಂದುಕೊಳ್ಳಿ. ಅಡುಗೆಯ ಹೆಸರು, ದಿನಾಂಕ, ಬೆಲೆ, ಇಷ್ಟನ್ನು ಟೂಲ್‌ಗೆ ಕೊಟ್ಟರು. ಒಂದು ಚಿತ್ರವೂ ಮೂರು ವಾಕ್ಯಗಳ ಬರಹವೂ ಬಂದವು. ಚಿತ್ರದಲ್ಲಿ ಬಾಳೆ ಎಲೆ, ಎಲೆ ತುಂಬ ಕಡುಬು, ಬೆಳ್ಳಿ ಬಟ್ಟಲಿನಲ್ಲಿ ಪಾಯಸ. ಆ ಹೋಟೆಲ್ ಬಡಿಸುವುದು ಎರಡು ಕಡುಬು, ಪಾಯಸ ಸ್ಟೀಲ್ ಬಟ್ಟಲಿನಲ್ಲಿ. ಎಲೆಯ ತುದಿ ಉಣ್ಣುವವರ ಬಲಕ್ಕಿದೆ. ತುದಿ ಎಡಕ್ಕಿರಬೇಕು ಎಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಹಿರಿಯರೊಬ್ಬರು ನೋಡಿದ ತಕ್ಷಣ ಇದು ನಿಮ್ಮ ಪಂಕ್ತಿಯ ಫೋಟೋ ಅಲ್ಲವೆಂದು ಹೇಳುತ್ತಾರೆ. ಆದರೂ ಕೆಳಗೆ ಲೇಬಲ್ ಇದೆಯಲ್ಲ ಎಂದು ಮಾಲೀಕರು ನಿಶ್ಚಿಂತರಾಗಿದ್ದಾರೆ.

ಆ ಲೇಬಲ್ ಎಲ್ಲಿದೆ ನೋಡಿ. ಇನ್‌ಸ್ಟಾಗ್ರಾಂನಲ್ಲಿ ಬರಹದ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆದುಕೊಳ್ಳುತ್ತದೆ. ಕೊನೆಯ ಸಾಲನ್ನು ಓದುವವರು ತೀರಾ ಕಡಿಮೆ. ಇನ್ನು ಯಾರಾದರೂ ಚಿತ್ರವನ್ನು ಮಾತ್ರ ಉಳಿಸಿಕೊಂಡು ತಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಬರಹವೆಲ್ಲ ಹಿಂದೆ ಉಳಿದು, ಕಡುಬು ತುಂಬಿದ ಎಲೆ ಒಂದೇ ಮುಂದೆ ಹೋಗುತ್ತದೆ. ಹಬ್ಬದ ದಿನ ಕೌಂಟರ್ ಮುಂದೆ ಮೊಬೈಲ್ ಹಿಡಿದು ‘ಇದೇ ಊಟ ಕೊಡಿ’ ಎನ್ನುವವರಿಗೆ ಲೇಬಲ್‌ನ ಕಥೆ ಹೇಳಲಾಗುತ್ತದೆಯೇ?

ಕಾನೂನೂ ಹಾಗೆಯೇ ನೋಡುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ವಸ್ತುವನ್ನು ಸುಳ್ಳಾಗಿ ವರ್ಣಿಸುವ, ಅದರ ಪ್ರಮಾಣ ಅಥವಾ ಗುಣಮಟ್ಟದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ದಾರಿತಪ್ಪಿಸುವ ಜಾಹೀರಾತೇ. ಚಿತ್ರವನ್ನು ಬರೆದದ್ದು ಕಲಾವಿದನೋ ಯಂತ್ರವೋ ಎಂಬುದು ಅಲ್ಲಿ ವಿಷಯವೇ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥದ್ದಕ್ಕೆ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಸಣ್ಣ ಹೋಟೆಲಿನ ಕಡುಬಿನ ಲೆಕ್ಕ ಅಲ್ಲಿಯವರೆಗೆ ಹೋಗುವುದು ಅಪರೂಪ. ನಾನು ಹೇಳುತ್ತಿರುವುದು ಲೇಬಲ್ ಅಲ್ಲಿಯೂ ರಕ್ಷಣೆಗೆ ಬಾರದು ಎಂಬುದನ್ನು.

ಚಿತ್ರಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಆ ಮೂರು ವಾಕ್ಯಗಳು. ‘ಮೂರು ತಲೆಮಾರುಗಳ ಕೈರುಚಿ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಶುದ್ಧ ಹಬ್ಬದ ಅಡುಗೆ. ಜೈನ್ ಊಟವೂ ಲಭ್ಯ.’ ಮಾಲೀಕರು ಇದರಲ್ಲಿ ಒಂದನ್ನೂ ಹೇಳಿರಲಿಲ್ಲ. ಹಾಗಿದ್ದರೆ ಎಲ್ಲಿಂದ ಬಂತು? ಈ ಟೂಲ್‌ಗಳು ಬರೆಯುವುದು ಇಂಥ ಬರಹದಲ್ಲಿ ಸಾಮಾನ್ಯವಾಗಿ ಮುಂದೆ ಏನು ಬರುತ್ತದೆಯೋ ಅದನ್ನು. ಮುಂಬಯಿಯ ಸಸ್ಯಾಹಾರಿ ಹೋಟೆಲ್‌ಗಳ ಜಾಹೀರಾತಿನಲ್ಲಿ ‘ಜೈನ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ, ಆದ್ದರಿಂದ ಇಲ್ಲಿಯೂ ಬಂತು. ನಿಮ್ಮ ಅಡುಗೆಮನೆಯನ್ನು ಅದು ಕಂಡಿಲ್ಲ. ವಾಕ್ಯ ನಯವಾಗಿರುವುದರಿಂದ ಓದಿದವರ ಕಣ್ಣು ಅಲ್ಲಿ ತಡೆಯುವುದೂ ಇಲ್ಲ.

ಒಂದು ಜೈನ ಕುಟುಂಬ ಆ ಮಾತನ್ನು ನಂಬಿ ಬಂದರೆ ಆಗುವುದೇನು? ಅವರ ಆಚರಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯ ಜೊತೆಗೆ ಆಲೂಗಡ್ಡೆ, ಕ್ಯಾರೆಟ್‌ನಂಥ ನೆಲದಡಿಯ ಗಡ್ಡೆಗಳೂ ವರ್ಜ್ಯ. ನಿಮ್ಮ ಪಲ್ಯದಲ್ಲಿ ಆಲೂಗಡ್ಡೆ ಇದೆ, ಸಾಂಬಾರಿನ ಸೌಟು ಬೇರೆ ಪಾತ್ರೆಗೂ ಹೋಗಿದೆ. ಅವರು ಕಳೆದುಕೊಂಡದ್ದನ್ನು ಊಟದ ಹಣ ಹಿಂದಿರುಗಿಸಿ ತುಂಬಿಕೊಡಲಾಗದು. ‘ಎಐ ನೆರವಿನಿಂದ’ ಎಂಬ ಸಾಲನ್ನು ಅವರು ಓದಿದ್ದರೂ ಅದರಿಂದ ಅವರಿಗೆ ಏನು ತಿಳಿಯುತ್ತಿತ್ತು? ಯಾವ ವಾಕ್ಯ ನಿಜ, ಯಾವುದು ಯಂತ್ರದ ಊಹೆ ಎಂದು ಅದು ಹೇಳುವುದಿಲ್ಲ.

ಎಲ್ಲದಕ್ಕೂ ಲೇಬಲ್ ಅಂಟಿಸುವುದರ ಇನ್ನೊಂದು ತೊಂದರೆಯನ್ನು ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳನ್ನು ನಡೆಸುವ ಮೆಟಾ ಕಂಪನಿಯೇ ಅನುಭವಿಸಿದೆ. 2024ರಲ್ಲಿ ಅದು ‘ಮೇಡ್ ವಿತ್ ಎಐ’ ಎಂದು ಲೇಬಲ್ ಹಾಕಲು ಶುರುಮಾಡಿದಾಗ, ಸ್ವಂತ ಕ್ಯಾಮೆರಾದಲ್ಲಿ ತೆಗೆದು ಚೂರು ತಿದ್ದಿದ ಫೋಟೋಗಳ ಮೇಲೂ ಅದು ಕಾಣಿಸಿಕೊಂಡಿತು. ಛಾಯಾಗ್ರಾಹಕರು ಪ್ರತಿಭಟಿಸಿದರು, ಅದೇ ವರ್ಷದ ಜುಲೈನಲ್ಲಿ ಕಂಪನಿ ಅದನ್ನು ‘ಎಐ ಇನ್ಫೋ’ ಎಂದು ಬದಲಿಸಿತು. ನಿಮ್ಮ ಪೋಸ್ಟ್‌ಗಳಲ್ಲಿ ಆಗುವುದೂ ಇದೇ. ನಲವತ್ತು ವರ್ಷ ದೋಸೆ ಹುಯ್ದ ಭಟ್ಟರ ನಿಜವಾದ ಫೋಟೋಕ್ಕೂ, ಕಾಗುಣಿತ ತಿದ್ದಿಸಿಕೊಂಡದ್ದಕ್ಕೆಂದು ಅದೇ ಸಾಲು ಬಿದ್ದರೆ ಜನ ಅವರನ್ನೂ ಯಂತ್ರದ ಸೃಷ್ಟಿ ಎಂದೇ ತಿಳಿಯುತ್ತಾರೆ.

ಲೇಬಲ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. 2026ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ತಿದ್ದುಪಡಿ, ನಿಜವಾದ ವ್ಯಕ್ತಿ ಅಥವಾ ಘಟನೆ ಎಂದೇ ತೋರುವ ಕೃತಕ ಚಿತ್ರ, ಧ್ವನಿ, ವಿಡಿಯೋಗಳಿಗೆ ಸ್ಪಷ್ಟ ಗುರುತು ಇರಬೇಕೆನ್ನುತ್ತದೆ. ಅಪ್‌ಲೋಡ್ ಮಾಡುವವರಿಂದ ದೊಡ್ಡ ಜಾಲತಾಣಗಳು ಘೋಷಣೆ ಪಡೆಯಬೇಕು. ಅರ್ಥ ಕೆಡಿಸದ ಬಣ್ಣ, ಬೆಳಕಿನ ಸಾಮಾನ್ಯ ತಿದ್ದುಪಡಿ ಇದರ ಹೊರಗಿದೆ. ಅಂಥ ಚಿತ್ರ, ವಿಡಿಯೋ ಹಾಕುವುದಾದರೆ ಗುರುತು ಚಿತ್ರದ ಮೇಲೆಯೇ ಇರಲಿ, ಆಗ ಅದು ವಾಟ್ಸ್‌ಆ್ಯಪ್‌ಗೆ ಹೋದರೂ ಜೊತೆಗೇ ಹೋಗುತ್ತದೆ.

ಹಾಗಾದರೆ ನೀತಿಯಲ್ಲಿ ಏನಿರಬೇಕು? ಒಂದು ಪುಟ ಸಾಕು, ಆದರೆ ಅದು ಟೂಲ್‌ನ ಹೆಸರಿನಿಂದ ಶುರುವಾಗಬಾರದು. ಗಿರಾಕಿ ಯಾವುದನ್ನು ಸಾಕ್ಷಿಯೆಂದು ನೋಡುತ್ತಾನೆ ಎಂಬುದರಿಂದ ಶುರುವಾಗಬೇಕು. ತಟ್ಟೆ, ಅಡುಗೆಮನೆ, ಸಿಬ್ಬಂದಿ, ಗಿರಾಕಿಗಳು, ಅವರ ಅಭಿಪ್ರಾಯ, ಇವೆಲ್ಲ ಸಾಕ್ಷಿ. ಇವುಗಳನ್ನು ಲೇಬಲ್ ಹಾಕಿಯೂ ಸೃಷ್ಟಿಸುವಂತಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಫೋಟೋ ಕಪ್ಪಾಗಿದ್ದರೆ ಬೆಳಕು ಹೆಚ್ಚಿಸಬಹುದು, ಕಡುಬಿನ ಸಂಖ್ಯೆ ಹೆಚ್ಚಿಸಬಾರದು. ಶುಭಾಶಯದ ಹಿಂದಿನ ರಂಗೋಲಿ, ಮಾವಿನ ತೋರಣ, ಅಕ್ಷರ ವಿನ್ಯಾಸ ಇವು ಅಲಂಕಾರ. ಅಲ್ಲಿ ಟೂಲ್ ಧಾರಾಳವಾಗಿ ಬಳಸಿಕೊಳ್ಳಿ.

ಬರಹಕ್ಕೆ ಒಂದು ಮಾಹಿತಿ ಹಾಳೆ ಬೇಕು. ಹೋಟೆಲ್ ಶುರುವಾದ ವರ್ಷ, ಸಮಯ, ಬೆಲೆ, ಯಾವ ಅಡುಗೆಯಲ್ಲಿ ಏನಿದೆ, ಜೈನ್ ಊಟ ಯಾವ ದಿನ ಉಂಟು, ಪ್ರತ್ಯೇಕ ಪಾತ್ರೆ ಇದೆಯೇ, ಇಷ್ಟನ್ನು ಮಾಲೀಕರೂ ಭಟ್ಟರೂ ಕುಳಿತು ಬರೆದು ಸಹಿ ಹಾಕಲಿ. ಪೋಸ್ಟ್ ಹಾಕುವ ಹುಡುಗ ಕರಡಿನಲ್ಲಿರುವ ಪ್ರತಿಯೊಂದು ಅಂಕಿಗೂ ಪ್ರತಿಯೊಂದು ‘ಇದೆ’, ‘ಇಲ್ಲ’ಗೂ ಗೆರೆ ಎಳೆದು ಹಾಳೆಯಲ್ಲಿ ಹುಡುಕಬೇಕು. ಹಾಳೆಯಲ್ಲಿ ಸಿಗದಿದ್ದರೆ ಆ ಮಾತನ್ನು ತೆಗೆಯಬೇಕು. ಮೇಲಿನ ಮೂರು ವಾಕ್ಯಗಳಿಗೆ ಹೀಗೆ ಮಾಡಿದರೆ ಉಳಿಯುವುದು ‘ಹಬ್ಬದ ಅಡುಗೆ’ ಎಂಬುದೊಂದೇ. ಆಮೇಲೆ ಭಟ್ಟರನ್ನು ಕೇಳಿ, ಅವರು ಹೂರಣಕ್ಕೆ ಯಾವ ಬೆಲ್ಲ ಹಾಕುತ್ತಾರೆ, ಎಷ್ಟು ಹೊತ್ತಿಗೆ ಕೆಲಸ ಶುರುಮಾಡುತ್ತಾರೆ ಎಂದು ಹೇಳುತ್ತಾರೆ. ಬರೆಯಲು ಬೇಕಾದದ್ದು ಅದು, ಯಾವ ಟೂಲ್‌ಗೂ ಅದು ಗೊತ್ತಿಲ್ಲ.

ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಹಾಕುವುದಾದರೆ ಮೂರನ್ನೂ ಓದಬಲ್ಲವರು ನೋಡಿಯೇ ಹೊರಬಿಡಲಿ. ಓದುವವರಿಲ್ಲದ ಭಾಷೆಯಲ್ಲಿ ಪೋಸ್ಟ್ ಬೇಡ. ಒಪ್ಪಿಗೆ ಕೊಟ್ಟವರ ಹೆಸರು, ದಿನಾಂಕ, ಮೂಲ ಫೋಟೋ, ಇವನ್ನು ಉಳಿಸಿಕೊಳ್ಳಿ.

ಧ್ವನಿಯ ವಿಷಯದಲ್ಲಿ ಸಡಿಲ ಬಿಡಬೇಡಿ. ಪ್ರಸಿದ್ಧ ಗಾಯಕರ ಧ್ವನಿಯನ್ನು ನಕಲು ಮಾಡಿ ಹಬ್ಬದ ರೀಲ್ ಮಾಡುವವರನ್ನು ಕಂಡಿದ್ದೇನೆ. ಅರಿಜಿತ್ ಸಿಂಗ್ ಅವರ ಪ್ರಕರಣದಲ್ಲಿ 2024ರ ಜುಲೈನಲ್ಲಿ ಇದೇ ಊರಿನ ಬಾಂಬೆ ಹೈಕೋರ್ಟ್ ಅಂಥ ಧ್ವನಿ ನಕಲಿಗೆ ತಡೆ ಕೊಟ್ಟಿದೆ. ನಿಮ್ಮದೇ ಸಿಬ್ಬಂದಿಯ ಧ್ವನಿಯಾದರೂ ಲಿಖಿತ ಒಪ್ಪಿಗೆ ಬೇಕು. ಯಾವುದಕ್ಕೆ, ಎಷ್ಟು ಕಾಲ, ಕೆಲಸ ಬಿಟ್ಟ ಮೇಲೆ ಏನು ಎಂಬುದು ಅದರಲ್ಲಿರಲಿ.

ಬರೆದದ್ದು ಯಂತ್ರವೋ ಮನುಷ್ಯನೋ ಎಂದು ಊಹಿಸುವ ‘ಎಐ ಪತ್ತೆ’ ಟೂಲ್‌ಗೆ ಪೋಸ್ಟ್‌ಗಳನ್ನು ಹಾಕಿ ಶೇಕಡಾ ಎಷ್ಟು ಬಂತು ಎಂದು ನೋಡುವ ಅಭ್ಯಾಸವನ್ನು ನಿಲ್ಲಿಸಿ. ಓಪನ್‌ಎಐ ತಾನೇ ಮಾಡಿದ್ದ ಅಂಥ ಟೂಲನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಜೈನ್ ಊಟದ ಸುಳ್ಳನ್ನು ಮನುಷ್ಯನೇ ಬರೆದಿದ್ದರೂ ಅದು ಸುಳ್ಳೇ.

ಇಷ್ಟು ಹೇಳಿದ ಮೇಲೆ, ನೀವು ಕೇಳದ ಇನ್ನೊಂದನ್ನು ಹೇಳದೆ ಬಿಡಲು ಮನಸ್ಸು ಬರುವುದಿಲ್ಲ. ಎಲ್ಲರೂ ಪೋಸ್ಟ್ ಬಗ್ಗೆ ಕೇಳುತ್ತಾರೆ, ಕಮೆಂಟ್ ಬಗ್ಗೆ ಕೇಳುವವರಿಲ್ಲ. ರಾತ್ರಿ ಹನ್ನೊಂದಕ್ಕೆ ಒಬ್ಬರು ‘ಇವತ್ತಿನ ಚಟ್ನಿ ಹುಳಿ ಹಿಡಿದಿತ್ತು, ಅಮ್ಮನಿಗೆ ಹೊಟ್ಟೆ ಕೆಟ್ಟಿದೆ’ ಎಂದು ಬರೆಯುತ್ತಾರೆ. ಅರ್ಧ ನಿಮಿಷದಲ್ಲಿ ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು’ ಎಂಬ ಸ್ವಯಂಚಾಲಿತ ಉತ್ತರ ಹೋಗುತ್ತದೆ. ಆ ಮನೆಯವರು ಮತ್ತೆ ನಿಮ್ಮಲ್ಲಿಗೆ ಬರುತ್ತಾರೆಯೇ?

ಯಂತ್ರ ಅಲ್ಲಿ ಭರವಸೆ ಕೊಟ್ಟುಬಿಟ್ಟರೆ ಇನ್ನೂ ಕಷ್ಟ. ಕೆನಡಾದಲ್ಲಿ ಏರ್ ಕೆನಡಾದ ಚಾಟ್‌ಬಾಟ್ ಪ್ರಯಾಣಿಕನೊಬ್ಬನಿಗೆ ರಿಯಾಯಿತಿ ದರದ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಅದಕ್ಕೆ ಕಂಪನಿಯೇ ಹೊಣೆ ಎಂದು 2024ರ ಫೆಬ್ರುವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ತೀರ್ಪು ಕೊಟ್ಟು ಪರಿಹಾರ ಕೊಡಿಸಿತು. ತೀರ್ಪು ಅಲ್ಲಿಯದು, ಇಲ್ಲಿಗೆ ಅನ್ವಯಿಸುವುದಿಲ್ಲ. ಆದರೆ ನಿಮ್ಮ ಹೆಸರಿನ ಖಾತೆಯಿಂದ ‘ನಾಳೆ ಹಣ ವಾಪಸ್ ಮಾಡುತ್ತೇವೆ’ ಎಂಬ ಉತ್ತರ ಹೋದರೆ, ಬರೆದದ್ದು ಯಂತ್ರ ಎಂಬ ಮಾತನ್ನು ಯಾವ ಗಿರಾಕಿಯೂ ಒಪ್ಪುವುದಿಲ್ಲ.

ಆದ್ದರಿಂದ ಪುಟದ ಕೊನೆಗೆ ಇದನ್ನೂ ಸೇರಿಸಿ: ಸಮಯ, ವಿಳಾಸ, ಮೆನು ಕೇಳಿದವರಿಗೆ ಮಾತ್ರ ಸ್ವಯಂಚಾಲಿತ ಉತ್ತರ, ಅದೂ ಮಾಹಿತಿ ಹಾಳೆಯಿಂದ. ಆರೋಗ್ಯ, ಅಲರ್ಜಿ, ಹಣ, ಜಗಳ, ಸಾವು ನೋವಿನ ಮಾತು ಬಂದಲ್ಲಿ ಯಂತ್ರ ಸುಮ್ಮನಿರಬೇಕು. ಯಾರ ಮೊಬೈಲ್‌ಗೆ ಸೂಚನೆ ಹೋಗುತ್ತದೆ ಎಂದು ಒಬ್ಬರ ಹೆಸರು ಬರೆದಿರಬೇಕು, ಅವರ ರಜೆಯ ದಿನಕ್ಕೆ ಇನ್ನೊಬ್ಬರ ಹೆಸರು. ಗಿರಾಕಿಯ ಫೋನ್ ಸಂಖ್ಯೆಯನ್ನಾಗಲಿ ಆರ್ಡರ್ ಪಟ್ಟಿಯನ್ನಾಗಲಿ ಉತ್ತರ ಬರೆಸಿಕೊಳ್ಳಲೆಂದು ಟೂಲ್‌ಗೆ ಅಂಟಿಸಬಾರದು. ಚಟ್ನಿಯ ದೂರಿಗೆ ರಾತ್ರಿಯೇ ಫೋನ್ ಮಾಡಿ, ಆಗದಿದ್ದರೆ ಬೆಳಿಗ್ಗೆ ಏಳು ಗಂಟೆಗೆ ಮಾಡಿ, ಅಮ್ಮ ಹೇಗಿದ್ದಾರೆ ಎಂದು ಮೊದಲು ಕೇಳಿ, ಚಟ್ನಿಯ ವಿಚಾರಣೆ ಆಮೇಲೆ.